‘ಕೆಲಸ ಅಷ್ಟು ದೂರ, ಹೇಗೋ ಏನೋ’: ಎರಡು ಮನೆಗಳ ನಡುವೆ ಓಡಾಡಿದ ಒಂದು ಮಾತು

2025ರ ಮೇ 25, ಭಾನುವಾರ. ಗಿರಿನಗರದ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಮುಗಿಯಿತು. ಉಪ್ಪಿಟ್ಟು, ಕೇಸರಿಬಾತ್, ಕಾಫಿ ಆಯಿತು. ಹುಡುಗ ಹುಡುಗಿ ಮಹಡಿಯ ಮೇಲೆ ಮುಕ್ಕಾಲು ಗಂಟೆ ಮಾತನಾಡಿ ಕೆಳಗಿಳಿದು ಬಂದರು. ರಾಜಾಜಿನಗರದವರು ಹೊರಟು ನಿಂತಾಗ ಹುಡುಗನ ತಾಯಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ನನ್ನ ಕಡೆ ತಿರುಗಿ, “ಮನೆಯಲ್ಲಿ ಮಾತನಾಡಿ ತಿಳಿಸುತ್ತೇವೆ ಅಕ್ಕ” ಎಂದಳು. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಂದೆಗೆ ಹೇಳಲಿಲ್ಲ, ನನಗೆ ಹೇಳಿದಳು. ಅಲ್ಲಿಂದ ಆಗಸ್ಟ್ 8ರ ವರಮಹಾಲಕ್ಷ್ಮಿ ಹಬ್ಬದವರೆಗೆ, ಎರಡೂವರೆ ತಿಂಗಳು, ಈ ಎರಡು ಮನೆಗಳ ಮಾತು ನನ್ನ ಮೂಲಕವೇ ಹೋಗಿಬಂದಿತು. ನಡುವೆ ಒಂದು ಮಾತನ್ನು ನಾನು ಕೆಡಿಸಿದೆ. ಸಂಬಂಧ ಮುರಿದು ಬೀಳುವುದರಲ್ಲಿತ್ತು. ಆ ಮಾತು ಯಾವುದು, ಅದರ ಒಳಗೆ ಏನಿತ್ತು, ಹೇಗೆ ತಿಳಿಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡೂ ಮನೆಯವರಿಗೆ ಹೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ, ಹಾಗಾಗಿ ಹೆಸರಿಲ್ಲ.

ನನ್ನ ಸ್ಥಾನವನ್ನು ಮೊದಲು ಹೇಳಿಬಿಡಬೇಕು. ಹುಡುಗಿಯ ತಂದೆ ನನ್ನ ಚಿಕ್ಕಪ್ಪನ ಮಗ. ಹುಡುಗನ ತಂದೆ ನನ್ನ ಯಜಮಾನರ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವರು, ನನಗೆ ಮೈದುನ. ಅವರ ಹೆಂಡತಿ ನನಗೆ ಓರಗಿತ್ತಿ. ಹುಡುಗಿಗೆ ನಾನು ಅತ್ತೆ, ಹುಡುಗನಿಗೆ ದೊಡ್ಡಮ್ಮ. ಅತ್ತೆಯ ಕಡೆಯ ಹುಡುಗನಾದ್ದರಿಂದ ವರಸೆ ಕೂಡುತ್ತದೆ. ಇಬ್ಬರಿಗೂ ನಾನು ದೊಡ್ಡಮ್ಮನಾಗಿದ್ದರೆ ಅಣ್ಣತಂಗಿಯ ವರಸೆಯಾಗಿ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಗೋತ್ರ ಬೇರೆ. ಜಾತಕವನ್ನು ಮೊದಲೇ ತೋರಿಸಿ ಆಗಿತ್ತು. 36 ಗುಣಗಳಲ್ಲಿ 18 ಬಂದರೆ ಸಾಕೆನ್ನುತ್ತಾರೆ, ಇವರಿಗೆ 24 ಬಂದಿತ್ತು. ಹುಡುಗಿಗೆ 28, ಹುಡುಗನಿಗೆ 31. ಅವಳ ಕೆಲಸ ವೈಟ್‌ಫೀಲ್ಡ್‌ನಲ್ಲಿ, ಅವನದು ಮಾರತ್ತಹಳ್ಳಿಯಲ್ಲಿ. ಎರಡು ಕಡೆಯೂ ಬಂಧುತ್ವವಿದ್ದರೆ ಮಧ್ಯಸ್ಥಿಕೆ ಸುಲಭ ಎಂದು ಹೊರಗಿನವರಿಗೆ ಅನಿಸಬಹುದು. ಹಾಗಲ್ಲ. ಎರಡೂ ಕಡೆಯವರು ನನ್ನ ಮನಸ್ಸು ನೋಯಬಾರದೆಂದು ಮಾತನ್ನು ಮೆತ್ತಗೆ ಮಾಡಿಯೇ ನನ್ನ ಕೈಗೆ ಕೊಡುತ್ತಾರೆ. ನಾನು ಅದನ್ನು ಇನ್ನೂ ಮೆತ್ತಗೆ ಮಾಡಿ ಮುಟ್ಟಿಸಿದರೆ, ತಲುಪುವ ಹೊತ್ತಿಗೆ ಅದರಲ್ಲಿ ಮಾತೇ ಉಳಿದಿರುವುದಿಲ್ಲ.

ನನ್ನ ಹತ್ತಿರ ಒಂದು ನೋಟ್‌ಪುಸ್ತಕವಿದೆ. ಸಂಬಂಧದ ವಿಷಯಕ್ಕೆ ಬಂದ ಪ್ರತಿಯೊಂದು ಫೋನನ್ನೂ ಇಟ್ಟ ಕೂಡಲೇ ಅದರಲ್ಲಿ ಬರೆಯುತ್ತೇನೆ. ಎಡಗಡೆ ಹಾಳೆಯಲ್ಲಿ ಅವರು ಆಡಿದ ಮಾತು, ಆಡಿದ ಹಾಗೆಯೇ. ಬಲಗಡೆಯಲ್ಲಿ ನಾನು ತಿಳಿದುಕೊಂಡದ್ದು. ಹಿಂದೆ ಇನ್ನೊಂದು ಸಂಬಂಧದಲ್ಲಿ, ಯಾರು ಏನು ಹೇಳಿದ್ದರು ಎಂಬುದೇ ಜಗಳಕ್ಕೆ ಕಾರಣವಾದಾಗ ಈ ಅಭ್ಯಾಸ ಹಿಡಿದೆ. ಈ ಪ್ರಕರಣದಲ್ಲಿ ನನ್ನನ್ನು ಕಾಪಾಡಿದ್ದು ಎಡಗಡೆಯ ಹಾಳೆ. ಮುಳುಗಿಸಿದ್ದು, ಬಲಗಡೆಯದನ್ನು ಎಡಗಡೆಯದೆಂದು ಸಾಗಿಸಿದ ನನ್ನ ಅವಸರ.

ಹನ್ನೆರಡು ದಿನದ ಮೌನ

“ಮಾತನಾಡಿ ತಿಳಿಸುತ್ತೇವೆ” ಎಂದವರು ಮನಸ್ಸಿದ್ದರೆ ಎರಡು ಮೂರು ದಿನದಲ್ಲಿ ತಿಳಿಸುತ್ತಾರೆ. ಬೇಡವೆಂದಿದ್ದರೆ ಒಂದು ವಾರದೊಳಗೆ ಜಾತಕದ ಮೇಲೋ ಮನೆದೇವರ ಮೇಲೋ ಭಾರ ಹಾಕಿ ಹೇಳಿಬಿಡುತ್ತಾರೆ. ಅದಕ್ಕಿಂತ ಹೆಚ್ಚು ದಿನವಾದರೆ ಎರಡರಲ್ಲಿ ಒಂದು: ಇನ್ನೊಂದು ಸಂಬಂಧ ಕೈಯಲ್ಲಿದೆ, ಅದರ ಉತ್ತರಕ್ಕೆ ಕಾಯುತ್ತಿದ್ದಾರೆ, ಇಲ್ಲವೇ ಮನೆಯೊಳಗೇ ಒಮ್ಮತವಿಲ್ಲ. ಇವೆರಡನ್ನು ಬೇರೆ ಮಾಡಿ ತಿಳಿಯುವುದು ಕಷ್ಟವಲ್ಲ. ಬೇರೆ ಸಂಬಂಧ ಕೈಯಲ್ಲಿದ್ದರೆ ಮಧ್ಯಸ್ಥರ ಫೋನನ್ನು ತಪ್ಪಿಸುತ್ತಾರೆ, ಎತ್ತಿದರೂ “ಆಮೇಲೆ ಮಾಡುತ್ತೇನೆ” ಎಂದು ಇಟ್ಟುಬಿಡುತ್ತಾರೆ. ಮನೆಯೊಳಗೆ ತಕರಾರಿದ್ದರೆ ಫೋನ್ ಎತ್ತುತ್ತಾರೆ, ಬೇಕಾದಷ್ಟು ಹೊತ್ತು ಮಾತನಾಡುತ್ತಾರೆ, ಆದರೆ ಆ ವಿಷಯವೊಂದನ್ನು ಬಿಟ್ಟು.

ಓರಗಿತ್ತಿ ಆ ಹನ್ನೆರಡು ದಿನದಲ್ಲಿ ನನ್ನ ಮೂರು ಫೋನನ್ನೂ ಎತ್ತಿದಳು. ಒಂದು ಸಲ ಮಾವಿನಕಾಯಿ ಉಪ್ಪಿನಕಾಯಿಗೆ ಈ ವರ್ಷ ಉಪ್ಪು ಹೆಚ್ಚಾಯಿತು ಎಂದಳು. ಇನ್ನೊಂದು ಸಲ ಮಹಡಿಯ ಕೋಣೆಗೆ ಬಣ್ಣ ಹೊಡೆಸುತ್ತಿದ್ದೇವೆ, ಪೇಂಟರು ಎರಡು ದಿನ ಬಂದು ಮೂರು ದಿನ ಬರುವುದಿಲ್ಲ ಎಂದು ಇಪ್ಪತ್ತು ನಿಮಿಷ ಹೇಳಿದಳು. ನಾನು ಬರೆದುಕೊಂಡೆ: “ಮನೆಯೊಳಗಿನ ಮಾತು ಮುಗಿದಿಲ್ಲ.” ಅಷ್ಟು ಸರಿಯಾಗಿತ್ತು. ಆದರೆ ಬಣ್ಣದ ವಿಷಯವನ್ನು ಎಡಗಡೆಯಲ್ಲಿ ಬರೆದು ಹಾಗೆಯೇ ಬಿಟ್ಟೆ. ಬಲಗಡೆ ಖಾಲಿ ಉಳಿಯಿತು. ಅವಳು ವಿಷಯವನ್ನೇ ಹೇಳುತ್ತಿದ್ದಳು. ನಾನು ಅದನ್ನು ಕಾಡುಹರಟೆ ಎಂದುಕೊಂಡೆ.

ಜೂನ್ 6, ಶುಕ್ರವಾರ ಸಂಜೆ ಅವಳೇ ಫೋನ್ ಮಾಡಿದಳು. ಎಡಗಡೆಯ ಹಾಳೆಯಲ್ಲಿ ಹೀಗಿದೆ:

“ಹುಡುಗಿ ಚೆನ್ನಾಗಿದ್ದಾಳೆ ಅಕ್ಕ, ಲಕ್ಷಣವಾಗಿದ್ದಾಳೆ. ನಮ್ಮವನಿಗೂ ಇಷ್ಟವಾದ ಹಾಗಿದೆ. ಕೆಲಸ ಅಷ್ಟು ದೂರ, ಹೇಗೋ ಏನೋ. ಇವರೂ ಅದನ್ನೇ ಹೇಳುತ್ತಿದ್ದರು.”

ಅರ್ಧ ಗಂಟೆಯ ನಂತರ ನಾನು ತಮ್ಮನಿಗೆ ಫೋನ್ ಮಾಡಿ ಹೇಳಿದ್ದು ಹೀಗೆ: “ಅವರಿಗೆ ಹುಡುಗಿ ಒಪ್ಪಿಗೆಯಾಗಿದೆ. ಕೆಲಸ ದೂರವಾಯಿತು ಎನ್ನುವುದೊಂದು ಮಾತಿದೆ, ಅಷ್ಟೆ.”

ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ. “ಚೆನ್ನಾಗಿದ್ದಾಳೆ” ಎಂಬುದು ಒಪ್ಪಿಗೆಯಲ್ಲ. ನಮ್ಮಲ್ಲಿ “ಒಪ್ಪಿಗೆ” ಎಂಬ ಮಾತು ಬಂದರೆ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: ಮಾತುಕತೆಗೆ ಯಾವ ದಿನ? ಅವಳು ದಿನ ಕೇಳಲಿಲ್ಲ. “ಇಷ್ಟವಾಗಿದ್ದಾಳೆ” ಎನ್ನಲಿಲ್ಲ, “ಇಷ್ಟವಾದ ಹಾಗಿದೆ” ಎಂದಳು. ಮಗನ ಮನಸ್ಸು ತನಗೆ ಪೂರ್ತಿ ತಿಳಿದಿಲ್ಲ, ಅಥವಾ ತಿಳಿದರೂ ತಾನು ಅದಕ್ಕೆ ಇನ್ನೂ ಸೇರಿಲ್ಲ ಎಂಬುದು ಆ “ಹಾಗೆ”ಯಲ್ಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, “ಹೇಗೋ ಏನೋ” ಎಂಬ ಎರಡು ಪದಗಳನ್ನು ನಾನು ದಾರಿಯಲ್ಲಿಯೇ ಉದುರಿಸಿಬಿಟ್ಟೆ. ಅವಳ ಮಾತಿನಲ್ಲಿ ಭಾರವಿದ್ದದ್ದೇ ಅಲ್ಲಿ. “ದೂರ” ಎಂದರೆ ಆಕ್ಷೇಪಣೆ. “ಹೇಗೋ ಏನೋ” ಎಂದರೆ ಹೆದರಿಕೆ. ಆಕ್ಷೇಪಣೆ ಮಾತ್ರ ಗಿರಿನಗರಕ್ಕೆ ಹೋಯಿತು, ಹೆದರಿಕೆ ನನ್ನ ಪುಸ್ತಕದಲ್ಲಿಯೇ ಉಳಿಯಿತು.

ಇದಕ್ಕೆ ಜನ ಒಗ್ಗರಣೆ ಹಾಕುವುದು ಎನ್ನುತ್ತಾರೆ, ಸುಳ್ಳು ಸೇರಿಸಿ ರುಚಿ ಹೆಚ್ಚಿಸುವುದು ಎಂಬ ಅರ್ಥದಲ್ಲಿ. ನಾನು ಸೇರಿಸಿದ್ದು ಒಂದೇ ಪದ, “ಒಪ್ಪಿಗೆ”. ತಮ್ಮ ಹನ್ನೆರಡು ದಿನದಿಂದ ಕಾಯುತ್ತಿದ್ದಾನೆ, ಒಳ್ಳೆಯ ಸುದ್ದಿಯಿಂದ ಶುರುಮಾಡೋಣ ಎನಿಸಿತ್ತು. ಅವನು ಅದನ್ನು ಕೇಳಿದ ರಾತ್ರಿಯೇ ಮೈಸೂರಿನಲ್ಲಿರುವ ತನ್ನ ಅಣ್ಣನಿಗೆ ಹೇಳಿದ. ಮರುದಿನ ಹೆಂಡತಿಯ ತವರಿಗೂ ಸುದ್ದಿ ಹೋಯಿತು. ಒಪ್ಪಿಗೆಯಾಗಿದ್ದರೆ ಮುಂದಿನ ಫೋನ್ ಹುಡುಗನ ತಂದೆಯಿಂದ ಬರಬೇಕು. ಬರಲಿಲ್ಲ. ಒಂದು ವಾರ ಕಳೆಯಿತು. ಉಳಿದದ್ದು “ಕೆಲಸ ದೂರವಾಯಿತು” ಎಂಬ ಮಾತು ಮಾತ್ರ. ಬಂಧುಗಳ ಮುಂದೆ ಮುಖವಿಲ್ಲದಂತಾದ ತಂದೆಯ ಕಿವಿಗೆ ಅದು ಹೇಗೆ ಕೇಳಿಸಿರಬೇಕೋ ಹಾಗೆಯೇ ಕೇಳಿಸಿತು. ಮಗಳಿಗೆ ಹೇಳಿದನಂತೆ: “ನಿನ್ನ ಕೆಲಸ ಬಿಡಿಸುವ ಯೋಚನೆ ಇದೆ ಅವರಿಗೆ.” ಹುಡುಗಿ, “ಹಾಗಿದ್ದರೆ ಬೇಡ ಅಪ್ಪ” ಎಂದಳು.

ಇಲ್ಲದ ಗುರುಬಲ

ಜೂನ್ 15ರಂದು ತಮ್ಮ ಫೋನ್ ಮಾಡಿದ. “ಅಕ್ಕ, ಹುಡುಗಿಗೆ ಈಗ ಗುರುಬಲ ಇಲ್ಲವಂತೆ. ಮುಂದಿನ ವರ್ಷ ನೋಡೋಣ.”

ನಾನು ಫೋನ್ ಇಟ್ಟು, ದೇವರ ಮನೆಯ ಮೊಳೆಗೆ ತೂಗುಹಾಕಿದ್ದ ಪಂಚಾಂಗವನ್ನು ತೆಗೆದು ನೋಡಿದೆ. ಹುಡುಗಿಯದು ಸ್ವಾತಿ ನಕ್ಷತ್ರ, ತುಲಾ ರಾಶಿ. ಜನ್ಮರಾಶಿಯಿಂದ ಎಣಿಸಿದಾಗ ಗುರು 2, 5, 7, 9 ಅಥವಾ 11ನೆಯ ಮನೆಯಲ್ಲಿದ್ದರೆ ಗುರುಬಲವಿದೆ ಎಂಬುದು ಲೆಕ್ಕ. ಆ ವರ್ಷ ಮೇ ತಿಂಗಳ ನಡುವಿನಲ್ಲಿ ಗುರು ವೃಷಭದಿಂದ ಮಿಥುನಕ್ಕೆ ಬಂದಿದ್ದ. ತುಲೆಗೆ ವೃಷಭ ಎಂಟನೆಯದು, ಮಿಥುನ ಒಂಬತ್ತನೆಯದು. ಅಂದರೆ ಮೇ ತಿಂಗಳ ಮೊದಲು ಗುರುಬಲ ಇರಲಿಲ್ಲ, ಈಗ ಇದೆ. ತಮ್ಮನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಏಪ್ರಿಲ್‌ನಲ್ಲಿ ಅವನೇ ನನಗೆ ಹೇಳಿದ್ದ: “ಮೇ ತಿಂಗಳಿಂದ ಅವಳಿಗೆ ಗುರುಬಲ ಬರುತ್ತದೆ ಅಕ್ಕ, ಒಂದು ಒಳ್ಳೆಯ ಸಂಬಂಧ ನೋಡು.” ಅದೂ ಪುಸ್ತಕದಲ್ಲಿದೆ.

ಜ್ಯೋತಿಷ್ಯವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಎರಡು ಮನೆಗಳ ನಡುವೆ ಓಡಾಡುವವರಿಗೆ ಇಷ್ಟು ಲೆಕ್ಕ ತಿಳಿದಿರಬೇಕು. ನಮ್ಮಲ್ಲಿ ನಿರಾಕರಣೆ ಬರುವುದು ಈ ಭಾಷೆಯಲ್ಲಿ, ಅದರಲ್ಲಿಯೂ ಹಲವು ಮೆಟ್ಟಿಲುಗಳಿವೆ. “ಜಾತಕ ಕೂಡಿಬರಲಿಲ್ಲ” ಎಂದರೆ ಬಾಗಿಲು ಮುಚ್ಚಿತು, ಯಾರ ಮೇಲೂ ತಪ್ಪಿಲ್ಲ, ಇನ್ನು ಕೇಳಬೇಡಿ. “ಮನೆದೇವರಲ್ಲಿ ಪ್ರಸಾದವಾಗಲಿಲ್ಲ” ಎಂಬುದೂ ಅದೇ. “ಋಣಾನುಬಂಧ ಇದ್ದ ಹಾಗಾಗುತ್ತದೆ” ಎಂದರೆ ಮುಚ್ಚುತ್ತಿದೆ, ಯಾರಾದರೂ ತಡೆದರೆ ನಿಲ್ಲಬಹುದು. “ಗುರುಬಲ ಇಲ್ಲ” ಎಂಬುದಕ್ಕೆ ಒಂದು ಅವಧಿಯಿದೆ. ಗುರು ಸುಮಾರು ವರ್ಷಕ್ಕೊಮ್ಮೆ ರಾಶಿ ಬದಲಿಸುತ್ತಾನೆ, ಇಂದು ಇಲ್ಲದ್ದು ನಾಳೆ ಬರುತ್ತದೆ. 24 ಗುಣ ಬಂದ ಜಾತಕವನ್ನು ಕೂಡಿಬರಲಿಲ್ಲ ಎನ್ನಲು ಅವನಿಗೆ ಆಗುತ್ತಿರಲಿಲ್ಲ, ಅದು ನಿಜ. ಆದರೆ ಮುಚ್ಚಲೇಬೇಕೆಂದಿದ್ದರೆ ಬೇರೆ ಮಾತು ಸಿಗುತ್ತಿತ್ತು. ಇರುವ ಗುರುಬಲವನ್ನು ಇಲ್ಲವೆಂದು, ಅದೂ ಪಂಚಾಂಗ ಓದಲು ಬರುವ ಅಕ್ಕನ ಹತ್ತಿರ ಹೇಳಿದವನು ನನಗೆ ತಿಳಿಸುತ್ತಿದ್ದದ್ದು ಒಂದೇ: ನನಗೆ ನೋವಾಗಿದೆ, ಬಾಗಿಲನ್ನು ನಾನು ಪೂರ್ತಿ ಹಾಕಿಲ್ಲ.

ಇದು ನನ್ನ ಊಹೆ ಮಾತ್ರ ಆಗಬಾರದೆಂದು ತಿರುಗಿ ಫೋನ್ ಮಾಡಿ ಕೇಳಿದೆ: “ಅವರಿಗೆ ಇದನ್ನೇ ಹೇಳಿಬಿಡಲೇ?” ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ, “ನಿನಗೆ ತೋಚಿದ ಹಾಗೆ ಮಾಡು” ಎಂದ. ನಿಜವಾಗಿ ಬೇಡವೆನ್ನುವ ತಂದೆ ಹಾಗೆ ಹೇಳುವುದಿಲ್ಲ. ಹೇಗೆ ಹೇಳಬೇಕು, ಯಾರ ಹತ್ತಿರ ಹೇಳಬೇಕು, ತಮ್ಮ ಕಡೆ ತಪ್ಪು ಬಾರದಂತೆ ಹೇಗೆ ಮುಗಿಸಬೇಕು ಎಂದು ಪದಪದವನ್ನೂ ಕೊಟ್ಟು ಕಳುಹಿಸುತ್ತಾನೆ. ಹೆಣ್ಣು ಹೆತ್ತವರು ಆ ವಿಷಯದಲ್ಲಿ ಬಹಳ ಜಾಗ್ರತೆ. ಹಾಗಾಗಿ ಈ ಮಾತನ್ನು ನಾನು ರಾಜಾಜಿನಗರಕ್ಕೆ ಸಾಗಿಸಲಿಲ್ಲ. ಅದು ನನಗೆ ಹೇಳಿದ್ದು, ನನ್ನ ಮೂಲಕ ಕಳುಹಿಸಿದ್ದಲ್ಲ. ಓರಗಿತ್ತಿಗೆ, “ಇನ್ನೇನು ಆಷಾಢ ಬಂತಲ್ಲ, ಕಳೆಯಲಿ” ಎಂದಷ್ಟೇ ಹೇಳಿದೆ. ಅವಳೂ “ಹೌದಕ್ಕ, ಕಳೆಯಲಿ” ಎಂದಳು. ಜೂನ್ 26ರಿಂದ ಜುಲೈ 24ರವರೆಗೆ ಆಷಾಢ. ಆ ತಿಂಗಳು ಯಾರೂ ಮದುವೆಯ ಮಾತೆತ್ತುವುದಿಲ್ಲ. ಯಾರೂ ಸೋಲದೆ, ಯಾರೂ ಕೇಳದೆ, ಎರಡೂ ಮನೆಗಳು ಸುಮ್ಮನಿರಲು ನಮ್ಮ ಹಿರಿಯರು ಕೊಟ್ಟ ಒಂದು ತಿಂಗಳು. ನನಗೆ ಅದು ಬೇಕಿತ್ತು.

ಬಣ್ಣ ಹೊಡೆಸಿದ ಕೋಣೆ

ಆ ದಿನಗಳಲ್ಲಿ ಪುಸ್ತಕವನ್ನು ಮೊದಲಿನಿಂದ ಓದಿದೆ. ಎರಡು ಸಂಗತಿಗಳು ಕಣ್ಣಿಗೆ ಬಿದ್ದವು.

ಮೊದಲನೆಯದು ದೂರದ ಲೆಕ್ಕ. ಹುಡುಗಿ ಈಗಲೂ ಗಿರಿನಗರದಿಂದ ವೈಟ್‌ಫೀಲ್ಡ್‌ಗೆ ಹೋಗುವವಳೇ. ನಗರದ ಈ ತುದಿಯಿಂದ ಆ ತುದಿ. ರಾಜಾಜಿನಗರದಿಂದಾದರೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಿಸಿದರೆ ವೈಟ್‌ಫೀಲ್ಡ್‌ವರೆಗೂ ರೈಲು. 2023ರ ಅಕ್ಟೋಬರ್‌ನಿಂದ ಆ ದಾರಿ ಪೂರ್ತಿ ತೆರೆದಿದೆ. ಮದುವೆಯಾದರೆ ಅವಳ ಪ್ರಯಾಣ ಹೆಚ್ಚು ಕಷ್ಟವೇನೂ ಆಗುವುದಿಲ್ಲ, ಒಂದು ಆಟೊ ಉಳಿಯುತ್ತದೆ. ಇದನ್ನೆಲ್ಲ ಓರಗಿತ್ತಿ ಒಮ್ಮೆಯೂ ಕೇಳಿರಲಿಲ್ಲ. ಈಗ ಹುಡುಗಿ ಹೇಗೆ ಹೋಗುತ್ತಾಳೆ, ಎಷ್ಟು ಹೊತ್ತಾಗುತ್ತದೆ, ರಾತ್ರಿ ಎಷ್ಟಕ್ಕೆ ಬರುತ್ತಾಳೆ ಎಂಬ ಪ್ರಶ್ನೆಗಳು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ದೂರದ ಚಿಂತೆಯಿರುವವರು ದೂರವನ್ನು ಅಳೆಯುತ್ತಾರೆ. ಅವಳು ಅಳೆದಿರಲಿಲ್ಲ.

ಎರಡನೆಯದು ಮೇ 25ರ ಟಿಪ್ಪಣಿ. ಆ ದಿನ ಓರಗಿತ್ತಿ ಹುಡುಗಿಯ ಅಕ್ಕನ ಬಗ್ಗೆ ಎರಡು ಸಲ ಕೇಳಿದ್ದಳು. ಮೊದಲು, “ದೊಡ್ಡವಳು ಎಲ್ಲಿದ್ದಾಳೆ?” ವೈಟ್‌ಫೀಲ್ಡ್ ಹತ್ತಿರ ಬಾಡಿಗೆ ಮನೆಯಲ್ಲಿದ್ದಾರೆ ಎಂದು ಉತ್ತರ ಬಂತು. ಕಾಫಿ ಕುಡಿದು ಲೋಟ ಇಡುವಾಗ ಮತ್ತೆ, “ಅಳಿಯಂದಿರ ತಂದೆತಾಯಿ ಈಗ ಯಾರ ಜೊತೆಗಿದ್ದಾರೆ?” ವಿಜಯನಗರದಲ್ಲಿ ಅವರ ಮನೆಯಲ್ಲಿಯೇ ಇದ್ದಾರೆ ಎಂದು ತಮ್ಮನ ಹೆಂಡತಿ ಸರಳವಾಗಿ ಹೇಳಿದಳು. ಒಂದೇ ವಿಷಯವನ್ನು ಒಬ್ಬರು ಎರಡು ದಾರಿಯಿಂದ ಕೇಳಿದರೆ, ಅವರಿಗೆ ಬೇಕಾದ ಉತ್ತರ ಮೊದಲ ಸಲ ಸಿಕ್ಕಿಲ್ಲ ಎಂದೇ ಅರ್ಥ. ಅದನ್ನು ನಾನು ಅಂದೇ ಹಿಡಿಯಬೇಕಿತ್ತು.

ಜುಲೈ ಮೊದಲ ವಾರ, ಒಂದು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ರಾಜಾಜಿನಗರಕ್ಕೆ ಹೋದೆ. ಭಾನುವಾರ ಹೋದರೆ ಮೈದುನ ಮನೆಯಲ್ಲಿರುತ್ತಾರೆ, ಓರಗಿತ್ತಿ ಅಡುಗೆಮನೆಗೂ ಹಾಲಿಗೂ ಓಡಾಡುತ್ತಿರುತ್ತಾಳೆ, ಮಾತು ಸಭೆಯ ಮಾತಾಗುತ್ತದೆ. “ಇವರೂ ಅದನ್ನೇ ಹೇಳುತ್ತಿದ್ದರು” ಎಂದಿದ್ದಳಲ್ಲ, ಅದನ್ನು ನಾನು ಆ ಮೊದಲೇ ಮೈದುನರ ಹತ್ತಿರ ಬೇರೆಯಾಗಿ ಕೇಳಿದ್ದೆ. “ಕೆಲಸ ದೂರವೇ? ನಾನೇನೂ ಹೇಳಿಲ್ಲವಲ್ಲ ಅತ್ತಿಗೆ” ಎಂದಿದ್ದರು. ಅಂದರೆ ಅದು ಅವಳದೇ ಮಾತು, ಗಂಡನ ಹೆಸರಿನಲ್ಲಿ ಬಂದದ್ದು. ಒಬ್ಬಳೇ ಹೊತ್ತುಕೊಳ್ಳಲು ಹಿಂಜರಿಕೆಯಾಗುವ ಮಾತನ್ನು ನಮ್ಮ ಹೆಂಗಸರು ಹಾಗೆಯೇ ಆಡುತ್ತಾರೆ.

ಅವಳು ನೆಲದ ಮೇಲೆ ಕುಳಿತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನಾನೂ ಕುಳಿತು ಒಂದು ಹಿಡಿ ತೆಗೆದುಕೊಂಡೆ. ಕೈಗೆ ಕೆಲಸವಿದ್ದಾಗ ಎದುರಿನವರ ಮುಖ ನೋಡಬೇಕಾಗಿಲ್ಲ, ಮಾತು ತಾನಾಗಿ ಬರುತ್ತದೆ. ಒಳಕೋಣೆಯಿಂದ ಅತ್ತೆಯವರು ಕರೆದರು. 86 ವರ್ಷ, ಕಳೆದ ವರ್ಷ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಅವಳು ಎದ್ದು ಹೋಗಿ, ಅವರ ಎರಡು ಕಂಕುಳಿಗೂ ಕೈಕೊಟ್ಟು ಎತ್ತಿ ಕೂರಿಸಿ, ನೀರು ಕುಡಿಸಿ, ತನ್ನ ಸೊಂಟ ಹಿಡಿದುಕೊಂಡು ಬಂದಳು. ಆಮೇಲೆ ಮಹಡಿಯ ಕೋಣೆ ತೋರಿಸಿದಳು. ತಿಳಿಹಸಿರು ಬಣ್ಣ. ಹೊಸ ಬೀರು, ಅದರ ಕನ್ನಡಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ತೆಗೆದಿಲ್ಲ. ಬಚ್ಚಲಿನಲ್ಲಿ ಗೀಸರ್. ಕಿಟಕಿಯ ಪಕ್ಕ ಒಂದು ಮೇಜು, ಎರಡು ಪ್ಲಗ್ ಪಾಯಿಂಟ್. “ಮನೆಯಿಂದ ಕೆಲಸ ಮಾಡುವ ದಿನ ಬೇಕಾಗುತ್ತದಂತಲ್ಲ” ಎಂದಳು. ಹುಡುಗಿಯ ಕೆಲಸ ಬಿಡಿಸುವ ಮನೆಯಲ್ಲಿ ಆ ಮೇಜು ಇರುವುದಿಲ್ಲ.

ಅವಳನ್ನು ನೇರವಾಗಿ ಕೇಳಬಹುದಿತ್ತು. ಕೇಳಿದ್ದರೆ, “ಛೆ, ಹಾಗೇನಿಲ್ಲ ಅಕ್ಕ” ಎಂದು ಮುಗಿಸುತ್ತಿದ್ದಳು. ನಾನು ನನ್ನ ವಿಷಯ ಹೇಳಿದೆ. ನನ್ನ ಮಗ ಸೊಸೆ ಯಲಹಂಕದಲ್ಲಿ ಮನೆ ಮಾಡಿದಾಗ ಮೊದಲ ಮೂರು ತಿಂಗಳು ನಾನು ಅವರ ಕೋಣೆಯ ದೀಪವನ್ನೇ ಹಾಕಿರಲಿಲ್ಲ ಎಂದೆ. ಅದು ನಿಜವೂ ಹೌದು. ಅವಳು ಹೊಸ ಮೇಜಿನ ಅಂಚನ್ನು ಸೆರಗಿನಿಂದ ಒರೆಸುತ್ತಾ ಹೇಳಿದಳು:

“ಇವನು ಮಾರತ್ತಹಳ್ಳಿ, ಅವಳು ವೈಟ್‌ಫೀಲ್ಡ್. ಅವಳ ಅಕ್ಕನೂ ಅಲ್ಲಿಯೇ. ಒಂದು ವರ್ಷವೋ ಎಂಟು ತಿಂಗಳೋ, ಆಮೇಲೆ ಅಲ್ಲಿಯೇ ಮನೆ ಮಾಡುತ್ತಾರೆ. ಮಾಡಲಿ, ಬೇಡ ಎನ್ನಲು ನಾನು ಯಾರು? ಆದರೆ ರಾತ್ರಿ ಅತ್ತೆಯನ್ನು ಎತ್ತಲು ಇವನ ಕೈ ಬೇಕು ಅಕ್ಕ. ಇವರಿಗೂ ಭಾರ ಎತ್ತಬಾರದು ಎಂದಿದ್ದಾರೆ ಡಾಕ್ಟರು. ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ.”

“ಹೇಗೋ ಏನೋ” ಎಂಬುದರ ಪೂರ್ತಿ ಪಾಠ ಇದು. ಗಿರಿನಗರದಲ್ಲಿ ಅದು “ಕೆಲಸ ಬಿಡಿ” ಎಂದು ಕೇಳಿಸಿತ್ತು. ಹುಡುಗಿಯ ಕೆಲಸಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅತ್ತೆಯ ಆರೈಕೆಯ ವಿಷಯವನ್ನು ಹೆಣ್ಣಿನ ಕಡೆಯವರಿಗೆ ಹೇಳಿದರೆ, ಸೊಸೆಯನ್ನು ದಾದಿಯ ಕೆಲಸಕ್ಕೆ ಕರೆತರುತ್ತಿದ್ದಾರೆ ಎಂದುಕೊಂಡಾರು ಎಂಬ ಸಂಕೋಚಕ್ಕೆ ಅವಳು ಅದನ್ನು ದೂರದ ಮಾತಿನಲ್ಲಿ ಸುತ್ತಿ ಕೊಟ್ಟಿದ್ದಳು.

ಈಗ ನನ್ನ ಮೇಲೆ ಇನ್ನೊಂದು ಹೊಣೆ ಬಿತ್ತು. ಇದನ್ನು ಹುಡುಗಿಗೆ ಹೇಳಲೇಬೇಕು. ಮದುವೆಯಾದ ಮೇಲೆ ಗೊತ್ತಾಗುವ ವಿಷಯ ಮಧ್ಯಸ್ಥರಿಗೆ ಮೊದಲೇ ಗೊತ್ತಿತ್ತು ಎಂದಾದರೆ ಅದು ದ್ರೋಹ. ಆದರೆ ಓರಗಿತ್ತಿ ನನ್ನೊಬ್ಬಳಿಗೆ ಹೇಳಿದ್ದು. ಅವಳನ್ನೇ ಕೇಳಿದೆ: “ಇದನ್ನು ಹುಡುಗಿಗೆ, ಅವಳಿಗೆ ಮಾತ್ರ, ನೀನು ಹೇಳಿದ ಹಾಗೆಯೇ ಹೇಳಲೇ?” ಕೆಳಗಿಳಿದು ಬರುವವರೆಗೂ ಸುಮ್ಮನಿದ್ದಳು. ಹುರುಳಿಕಾಯಿಯ ತಟ್ಟೆ ಎತ್ತಿಕೊಳ್ಳುವಾಗ “ಹೇಳಿ ಅಕ್ಕ” ಎಂದಳು. ಅಲ್ಲಿಯವರೆಗೆ ನಾನು ಕಾದೆ. ಒಪ್ಪಿಗೆ ಸಿಗದಿದ್ದರೆ ಹೇಳುತ್ತಿರಲಿಲ್ಲ, ಮಧ್ಯಸ್ಥಿಕೆಯನ್ನೇ ಬಿಡುತ್ತಿದ್ದೆ.

ಎರಡು ವಾಕ್ಯ, ಒಂದೇ ಸರದಿಯಲ್ಲಿ

ಮೊದಲು ತಮ್ಮನ ಮನೆಗೆ ಹೋಗಿ, ಪುಸ್ತಕ ತೆರೆದು, ಜೂನ್ 6ರ ಹಾಳೆಯನ್ನು ಅವನಿಗೇ ಓದಲು ಕೊಟ್ಟೆ. “ಒಪ್ಪಿಗೆ ಎಂದದ್ದು ನಾನು, ಅವರಲ್ಲ” ಎಂದೆ. ಅವನು ಎರಡು ಸಲ ಓದಿದ. “ಹಾಗಾದರೆ ಅಣ್ಣನಿಗೆ ನಾನು ಸುಳ್ಳು ಹೇಳಿದ ಹಾಗಾಯಿತು” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೈಸೂರಿಗೆ ನಾನೇ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ.

ಹುಡುಗಿಯನ್ನು ಒಬ್ಬಳನ್ನೇ ಶನಿವಾರ ಗಾಂಧಿ ಬಜಾರಿಗೆ ಕರೆದುಕೊಂಡು ಹೋದೆ. ಹೂವು ಕೊಳ್ಳುತ್ತಾ ನಡೆಯುತ್ತಾ ಎಲ್ಲವನ್ನೂ ಹೇಳಿದೆ. ಅಜ್ಜಿಯ ವಿಷಯವನ್ನು ಓರಗಿತ್ತಿಯ ಮಾತಿನಲ್ಲಿಯೇ ಹೇಳಿದೆ. ಅವಳ ಅಕ್ಕ ಬೇರೆ ಹೋದದ್ದರ ಬಗ್ಗೆಯೂ ಕೇಳಿದೆ. ವಿಜಯನಗರದ ಆ ಮನೆ ಎರಡೇ ಕೋಣೆಯದು, ಮೈದುನನ ಮದುವೆಯಾದಾಗ ಮಾವನವರೇ ಬೇರೆ ಮನೆ ನೋಡಿಕೊಳ್ಳಿ ಎಂದರಂತೆ. ಆ ಮೇಲೆ ಹುಡುಗಿ ಹೇಳಿದ್ದು ಎಡಗಡೆಯ ಹಾಳೆಯಲ್ಲಿದೆ:

“ಅತ್ತೆ, ಅಲ್ಲಿ ಇರುವುದಿಲ್ಲ ಎಂದು ನಾನು ಅಂದುಕೊಂಡಿಲ್ಲ. ಆದರೆ ಯಾವಾಗಲೂ ಅಲ್ಲಿಯೇ ಇರುತ್ತೇನೆ ಎಂದು ಈಗಲೇ ಮಾತು ಕೊಡಲು ನನಗೆ ಆಗುವುದಿಲ್ಲ.”

ನನ್ನ ಅನುಭವದಲ್ಲಿ ಮಧ್ಯಸ್ಥರು ಹೆಚ್ಚಾಗಿ ಎಡವುವುದು ಇಂಥ ಕಡೆಯಲ್ಲಿಯೇ. ಮೊದಲ ವಾಕ್ಯವನ್ನಷ್ಟೇ ತೆಗೆದುಕೊಂಡು ಹೋಗಿ “ಹುಡುಗಿ ನಿಮ್ಮ ಮನೆಯಲ್ಲಿಯೇ ಇರುತ್ತಾಳಂತೆ” ಎಂದಿದ್ದರೆ ಅಂದೇ ಮಾತುಕತೆಗೆ ದಿನ ಗೊತ್ತಾಗುತ್ತಿತ್ತು. ಎರಡು ವರ್ಷದ ನಂತರ ಅದೇ ಮಾತು ಆ ಮನೆಯ ಜಗಳದ ಮೊದಲ ವಾಕ್ಯವಾಗುತ್ತಿತ್ತು. ಎರಡನೆಯದನ್ನು ಮೊದಲು ಹೇಳಿದ್ದರೆ ಓರಗಿತ್ತಿಗೆ ಮುಂದಿನದು ಕಿವಿಗೇ ಬೀಳುತ್ತಿರಲಿಲ್ಲ. ಹುಡುಗಿ ಹೇಳಿದ ಸರದಿಯಲ್ಲಿಯೇ, ಎರಡನ್ನೂ, ಪುಸ್ತಕದಿಂದ ಓದಿ ಹೇಳಿದೆ. ಹುಡುಗಿ ಕೇಳಿದ್ದ ಒಂದು ಪ್ರಶ್ನೆಯನ್ನೂ ಸೇರಿಸಿದೆ: “ಈಗ ರಾತ್ರಿ ಅಜ್ಜಿಯ ಹತ್ತಿರ ಯಾರು ಮಲಗುತ್ತಾರೆ?”

ಓರಗಿತ್ತಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅಷ್ಟು ಬಿಡಿಸಿ ಹೇಳಿದಳೇ?” ಎಂದಳು. ಸ್ವಲ್ಪ ತಡೆದು, “ರಾತ್ರಿಗೆ ಒಬ್ಬ ಆಯಾಳನ್ನು ಇಟ್ಟುಕೊಳ್ಳೋಣ ಎಂದು ಇವನು ಹೋದ ವರ್ಷದಿಂದ ಹೇಳುತ್ತಿದ್ದಾನೆ. ನಾನೇ ಬೇಡವೆಂದಿದ್ದೆ” ಎಂದಳು. ಬೇಡವೆಂದಿದ್ದೇನೆ ಎನ್ನಲಿಲ್ಲ, ಬೇಡವೆಂದಿದ್ದೆ ಎಂದಳು. ಆಷಾಢ ಮುಗಿಯುವ ಮೊದಲೇ ಆಯಾ ಬಂದಳು.

ಹಣದ ಮಾತಿನ ಬಗ್ಗೆ ಕೇಳುವವರಿರುತ್ತಾರೆ, ಈ ಸಂಬಂಧದಲ್ಲಿ ಅದು ಬೇಗ ಮುಗಿಯಿತು. ಮೈದುನರು, “ನಮಗೇನೂ ಬೇಡ ಅತ್ತಿಗೆ. ಛತ್ರದ ಖರ್ಚು, ಊಟದ ಖರ್ಚು ಹೇಗೆ ಹಂಚಿಕೊಳ್ಳೋಣ ಕೇಳಿ” ಎಂದರು. “ನಮಗೇನೂ ಬೇಡ” ಎಂಬ ಮಾತು ನಿಜವೋ ಅಲ್ಲವೋ ಎಂಬುದು ಅದರ ಹಿಂದೆ ಬರುವ ವಾಕ್ಯದಲ್ಲಿದೆ. ಹಿಂದೆಯೇ “ನಮ್ಮ ದೊಡ್ಡ ಸೊಸೆಯ ಮನೆಯವರು ತಾವಾಗಿಯೇ” ಎಂದು ಶುರುವಾದರೆ ಅದು ಬೇಡಿಕೆ. “ನಿಮ್ಮ ಮಗಳಿಗೆ ನೀವು ಹಾಕುವುದು ನಿಮಗೆ ಬಿಟ್ಟದ್ದು” ಎಂದು ಎರಡನೆಯ ಸಲವೂ ಬಂದರೆ ಅದೂ ಬೇಡಿಕೆ. ಅಂಥ ಮಾತನ್ನು ನಾನು ಸಾಗಿಸುವುದಿಲ್ಲ ಎಂದು ಎದುರಿಗೇ ಹೇಳುತ್ತೇನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದು, ತೆಗೆದುಕೊಳ್ಳುವುದಷ್ಟೇ ಅಲ್ಲ, ಅದಕ್ಕೆ ಕುಮ್ಮಕ್ಕು ಕೊಡುವುದೂ ಅಪರಾಧ. ಶಿಕ್ಷೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು, ಜೊತೆಗೆ ದಂಡ. ನಡುವೆ ನಿಂತು ಲೆಕ್ಕ ಮುಟ್ಟಿಸುವ ಬಂಧುವನ್ನು ಅದು ಹೊರಗಿಡುವುದಿಲ್ಲ. ಇಲ್ಲಿ ಆ ಪ್ರಮೇಯ ಬರಲಿಲ್ಲ. ಖರ್ಚು ಅರ್ಧ ಅರ್ಧ ಎಂದು ಎರಡು ಫೋನಿನಲ್ಲಿ ತೀರ್ಮಾನವಾಯಿತು.

ಶ್ರಾವಣದ ಮೊದಲ ಭಾನುವಾರ, ಜುಲೈ 27ರಂದು, ಹುಡುಗ ಹುಡುಗಿ ಲಾಲ್‌ಬಾಗಿನಲ್ಲಿ ಮತ್ತೆ ಭೇಟಿಯಾದರು. ಏನು ಮಾತನಾಡಿದರೋ ನಾನು ಕೇಳಲಿಲ್ಲ. ಸಂಜೆ ಎರಡೂ ಮನೆಯ ಹೆಂಗಸರಿಗೆ ಒಬ್ಬರ ಮೊಬೈಲ್ ನಂಬರನ್ನು ಇನ್ನೊಬ್ಬರಿಗೆ ಕಳುಹಿಸಿ, “ಇನ್ನು ನೀವೇ ಮಾತನಾಡಿಕೊಳ್ಳಿ” ಎಂದೆ.

ಆಗಸ್ಟ್ ಮೊದಲ ವಾರ ತಮ್ಮನ ಹೆಂಡತಿ ಫೋನ್ ಮಾಡಿದಳು. “ಅತ್ತಿಗೆ, ಅವರೇ ಫೋನ್ ಮಾಡಿದ್ದರು. ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಬನ್ನಿ, ಮಗಳನ್ನೂ ಕರೆದುಕೊಂಡು ಬನ್ನಿ ಎಂದರು. ಏನಿರಬಹುದು ಇದರ ಅರ್ಥ?”

“ಕುಂಕುಮಕ್ಕೆ ಕರೆದಿದ್ದಾರೆ, ಹೋಗಿ ಬಾ” ಎಂದೆ. “ಏನಾದರೂ ಕೇಳಿದರೆ ನೀನೇ ಉತ್ತರ ಕೊಡು.”

ಹೋಗಿಬಂದರು. ರವಿಕೆ ಕಣ, ತೆಂಗಿನಕಾಯಿ, ಒಬ್ಬಟ್ಟಿನ ಡಬ್ಬಿ ಕೊಟ್ಟು ಕಳುಹಿಸಿದರಂತೆ. ಅಜ್ಜಿ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, ಕಚೇರಿಯಲ್ಲಿ ಊಟಕ್ಕೆ ಏನು ಮಾಡುತ್ತೀಯೆ ಎಂದು ಕೇಳಿದರಂತೆ. ಮಾತುಕತೆಗೆ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ನವರಾತ್ರಿಯಲ್ಲಿ ಒಂದು ದಿನ ಎಂದು ಗೊತ್ತಾಯಿತು. ಆ ದಿನವನ್ನು ನನಗೆ ತಿಳಿಸಿದ್ದು ಎರಡೂ ಮನೆಯವರು, ಬೇರೆಬೇರೆಯಾಗಿ, ಒಂದೇ ಮಾತಿನಲ್ಲಿ.

ತಮ್ಮ ಮಾತ್ರ ಈಗಲೂ ನಾನು ಯಾರದಾದರೂ ಮಾತು ತಿಳಿಸಿದರೆ, “ಅವರು ಹೇಳಿದ್ದು ಹೀಗೆಯೇ ತಾನೆ ಅಕ್ಕ?” ಎಂದು ಕೇಳುತ್ತಾನೆ. ನಾನು ಪುಸ್ತಕ ತೆರೆದು ಎಡಗಡೆಯ ಹಾಳೆಯನ್ನು ಓದಿ ಹೇಳುತ್ತೇನೆ.